ಎಲ್ಲದಕ್ಕೂ ‘ಅಪ್ಪು’ ಅನ್ನುವ ರೋಗಿ

ಪ್ರಶ್ನೆ: ಸ್ಟ್ರೋಕ್ ಆಗಿ ಮಾತು ಹೋದ ರೋಗಿಗೆ ಡಿಪ್ರೆಶನ್ ಇದೆಯಾ ಅಂತ ಹೇಗೆ ನೋಡೋದು? ನಮ್ಮ ರಿಹ್ಯಾಬ್ ವಾರ್ಡಿನಲ್ಲಿ ಎಲ್ಲರಿಗೂ ಮಾತ್ರೆ ಶುರು ಮಾಡ್ತಾರೆ, ಅದು ಸರಿಯಾ?

ಕಾಸರಗೋಡಿನಲ್ಲಿ ನಾನು ನೋಡಿದ ಒಬ್ಬರ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿದ್ದೇನೆ.

ಪೆರ್ಲ ಕಡೆಯ ಅಡಿಕೆ ಕೃಷಿಕರು, ವಯಸ್ಸು 64. ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್. ಬಲಗೈ, ಬಲಗಾಲು ಬಿದ್ದುಹೋಗಿತ್ತು. ನಾಲ್ಕನೇ ವಾರ ಫಿಸಿಯೋದವರು ‘ಸಹಕರಿಸುತ್ತಿಲ್ಲ’ ಅಂತ ಬರೆದು ನನ್ನನ್ನು ಕರೆಸಿದರು. ಹೌಸ್ ಸರ್ಜನ್ ಆಗಲೇ ಪಿಎಚ್‌ಕ್ಯೂ-9 ಎಂಬ ಡಿಪ್ರೆಶನ್ ಪ್ರಶ್ನಾವಳಿ ಮಾಡಿ 27ಕ್ಕೆ 24 ಅಂಕ ಕೊಟ್ಟಿದ್ದರು. ಎಷ್ಟು ಕೇಳಿದರೂ ರೋಗಿ ಒಂದೇ ಮಾತು ಹೇಳಿದರಂತೆ: ‘ಅಪ್ಪು’. ಹವ್ಯಕ ಕನ್ನಡದಲ್ಲಿ ಹೌದು ಅಂತ.

ನಾನು ಅವರ ಹೆಂಡತಿಯ ಹತ್ತಿರ ಮನೆಮಾತಿನಲ್ಲೇ ಕೇಳಿಸಿದೆ. ‘ನಮಗೆ ತೋಟ ಇದ್ದಾ?’ ಅಪ್ಪು. ‘ಆನು ನಿಂಗಳ ತಂಗೆಯಾ?’ ಅದಕ್ಕೂ ಅಪ್ಪು! ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕರು. ರೋಗಿ ನಗಲಿಲ್ಲ. ತಪ್ಪಾಯಿತೆಂದು ಗೊತ್ತಾಗಿ, ತಲೆ ಅಲ್ಲಾಡಿಸಿ, ಗೋಡೆಯ ಕಡೆ ತಿರುಗಿದರು.

ಇದರಿಂದ ಎರಡು ವಿಷಯ ತಿಳಿಯಿತು. ಅವರಿಗೆ ಮಾತು ಅರ್ಥವಾಗುತ್ತದೆ, ಆದರೆ ಅವರ ಹೌದು-ಅಲ್ಲ ನಂಬುವ ಹಾಗಿಲ್ಲ. ಹಾಗಾಗಿ ಆ 24ಕ್ಕೆ ಬೆಲೆ ಇಲ್ಲ. ಮಾತು ಹೋದವರ ಹತ್ತಿರ ಯಾವ ಪ್ರಶ್ನಾವಳಿ ತೆಗೆಯುವ ಮೊದಲೂ ಉತ್ತರ ನಮಗೆ ಗೊತ್ತಿರುವ ನಾಲ್ಕು ಪ್ರಶ್ನೆ ಕೇಳಿ. ಎರಡಕ್ಕೆ ಹೌದು ಬರಬೇಕು, ಎರಡಕ್ಕೆ ಅಲ್ಲ ಬರಬೇಕು. ಮನೆಮಾತಿನಲ್ಲಿ ಕೇಳಿ, ವಾರ್ಡಿನ ಮಲಯಾಳದಲ್ಲಿ ಅಲ್ಲ.

ಪ್ರಶ್ನೆ ನಡೆಯದಿದ್ದರೆ ನೋಡಿದವರನ್ನು ಕೇಳಬೇಕು. ಇದಕ್ಕೆ ಎಸ್‌ಎಡಿಕ್ಯೂ-ಎಚ್10 ಎಂಬ ಪಟ್ಟಿ ಇದೆ. ಕಳೆದ ವಾರ ಎಷ್ಟು ಸಲ ಅತ್ತರು, ರಾತ್ರಿ ಎಚ್ಚರವಾಗಿದ್ದರಾ, ಮುಖ ಕೊಟ್ಟು ನೋಡುತ್ತಾರಾ, ಸುಮ್ನೆ ಕೂತಿರುತ್ತಾರಾ, ಇಂಥ ಹತ್ತು ಅಂಶ. ಒಟ್ಟು 30 ಅಂಕ, 6 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಎಚ್ಚರಿಕೆ. ತುಂಬಿಸಲು ನಾನು ಯಾವಾಗಲೂ ರಾತ್ರಿ ಪಾಳಿಯ ಸಿಸ್ಟರನ್ನೇ ಹಿಡಿಯುತ್ತೇನೆ. ಬೆಳಗಿನ ರೌಂಡ್ಸಿನಲ್ಲಿ ಮೂರು ಗಂಟೆಯ ಎಚ್ಚರ ಕಾಣುವುದಿಲ್ಲ, ಅಲ್ವಾ? ಇವರಿಗೆ 15 ಬಂತು.

ಆದರೂ ಅಂಕ ರೋಗನಿರ್ಣಯ ಅಲ್ಲ. ಯಾರನ್ನಾದರೂ ಕಂಡ ಕೂಡಲೇ ಅತ್ತು, ಮಾತು ಬದಲಿಸಿದರೆ ಅರ್ಧ ನಿಮಿಷದಲ್ಲಿ ನಿಂತರೆ ಅದು ಸ್ಟ್ರೋಕಿನಿಂದ ಅಳುವಿನ ಹಿಡಿತ ತಪ್ಪಿದ್ದು, ದುಃಖವೇ ಇರಬೇಕೆಂದಿಲ್ಲ. ಏನೂ ಬೇಡ, ಬೇಸರವೂ ಇಲ್ಲ ಅಂದರೆ ಅದು ಜಡತೆ. ಬೆಳಗ್ಗೆ ಚುರುಕು, ಸಂಜೆ ಮಂಪರು ಆದರೆ ಡೆಲಿರಿಯಂ, ಅಂದರೆ ದೇಹದ ತೊಂದರೆಯಿಂದ ಬರುವ ಗೊಂದಲ, ಇದೆಯಾ ಹುಡುಕಿ: ಮೂತ್ರದ ಸೋಂಕು, ಸೋಡಿಯಂ ಏರುಪೇರು. ಥೈರಾಯ್ಡ್ ಕೂಡ ನೋಡಿಸಿ. ಫಿಟ್ಸಿಗೆ ಲೆವೆಟಿರಾಸಿಟಮ್ ಶುರುವಾದ ಮೇಲೆ ಸಿಡುಕು ಬಂತಾ ಕೇಳಿ.

ನಮ್ಮವರಿಗೆ ಇದ್ಯಾವುದೂ ಅಲ್ಲ. ಹೆಂಡತಿ ಒಂದು ತಟ್ಟೆ ಚಾಲಿ ಅಡಿಕೆ ತಂದು ಪಟೋರ, ಕೋಕ ಎಂಬ ಕಡಿಮೆ ದರ್ಜೆಯವನ್ನು ಬೇರೆ ಮಾಡಲು ಮುಂದಿಟ್ಟರು. ಜಡತೆ ಇದ್ದವರು ಸುಮ್ನೆ ನೋಡುತ್ತಿದ್ದರೇನೋ. ಇವರು ಎಡಗೈಯಲ್ಲಿ ಎರಡು ಸರಿಯಾಗಿ ಆರಿಸಿದರು, ಬಲಗೈ ಕಡೆ ನೋಡಿದರು, ತಟ್ಟೆ ದೂಡಿದರು. ಆಮೇಲೆ ಅತ್ತದ್ದು ನಿಲ್ಲಲಿಲ್ಲ. ಮೊಮ್ಮಗನ ವೀಡಿಯೋ ಕಾಲಿಗೂ ಮುಖ ತಿರುಗಿಸಿದರು. ಎರಡು ವಾರದಿಂದ ಹೀಗೇ ಎಂದು ಮನೆಯವರೂ ಸಿಸ್ಟರೂ ಹೇಳಿದರು. ಡಿಪ್ರೆಶನ್ ಅಂತ ಬರೆದೆ.

ಫಿಸಿಯೋಗೆ ಹಟ ಮಾಡಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು, ಬಲ ಭುಜದ ನೋವು. ಕೈ ಎತ್ತಿದರೆ ಮುಖ ಕಿವುಚುತ್ತಿದ್ದರು. ಮೊದಲು ಭುಜಕ್ಕೆ ಆಧಾರ ಕೊಟ್ಟು, ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟೆವು.

ಆಮೇಲೆ ಡಿಪ್ರೆಶನ್ನಿಗೆ ಸರ್ಟ್ರಲಿನ್ 25 ಮಿ.ಗ್ರಾಂ ಬೆಳಗ್ಗೆ, ವಾರದ ನಂತರ 50. ಅವರು ರಕ್ತ ಹೆಪ್ಪುಗಟ್ಟದ ಹಾಗೆ ಕ್ಲೋಪಿಡೊಗ್ರೆಲ್ ತೆಗೆದುಕೊಳ್ಳುತ್ತಿದ್ದರು. ಫ್ಲುವೊಕ್ಸಮಿನ್, ಫ್ಲುಆಕ್ಸೆಟಿನ್ ಅದರ ಕೆಲಸ ತಗ್ಗಿಸಬಹುದು, ಆದ್ದರಿಂದ ಬೇಡ ಅಂದೆ. ಎಸ್‌ಎಸ್‌ಆರ್‌ಐ ಎಂಬ ಈ ಗುಂಪಿನ ಯಾವ ಡಿಪ್ರೆಶನ್ ಮಾತ್ರೆ ಆದರೂ ಇಂಥ ಮಾತ್ರೆಗಳ ಜೊತೆ ರಕ್ತಸ್ರಾವದ ಅಪಾಯ ಸ್ವಲ್ಪ ಜಾಸ್ತಿ, ಮಲ ಕಪ್ಪಾದರೆ ಹೇಳಿ ಎಂದೆ. ಎರಡು ವಾರಕ್ಕೆ ಸೋಡಿಯಂ ಮತ್ತೆ ನೋಡಿದೆವು. ಸಾಯುವ ಯೋಚನೆ ಬಗ್ಗೆ ಚಿತ್ರ ತೋರಿಸಿ ಕೇಳಿದೆ. ಉತ್ತರ ಸ್ಪಷ್ಟವಾಗಲಿಲ್ಲ. ಹಾಗಾಗಿ ಮನೆಗೆ ಹೋಗುವ ಮೊದಲು ತೋಟದ ವಿಷಗಳಿಗೆ ಬೀಗ ಹಾಕಿಸಿ, ಕೀಲಿ ಮಗನ ಕೈಗೆ ಕೊಡಿಸಿದೆ.

ಎಲ್ಲರಿಗೂ ಮಾತ್ರೆ ಅನ್ನುವುದು ಸರಿಯಲ್ಲ. 2018ರ ಫೋಕಸ್ ಅಧ್ಯಯನದಲ್ಲಿ ಮೂರು ಸಾವಿರಕ್ಕಿಂತ ಜಾಸ್ತಿ ಸ್ಟ್ರೋಕ್ ರೋಗಿಗಳಿದ್ದರು. ಕೆಲವರಿಗೆ ಆರು ತಿಂಗಳು ಫ್ಲುಆಕ್ಸೆಟಿನ್ 20 ಮಿ.ಗ್ರಾಂ, ಉಳಿದವರಿಗೆ ಬರೀ ಹುಸಿಮಾತ್ರೆ. ಕೈಕಾಲಿನ ಚೇತರಿಕೆಗೆ ಏನೂ ಲಾಭವಾಗಲಿಲ್ಲ. ಹೊಸದಾಗಿ ಡಿಪ್ರೆಶನ್ ಬರುವುದು ಕಡಿಮೆಯಾಯಿತು, ಮೂಳೆ ಮುರಿತ ಜಾಸ್ತಿಯಾಯಿತು. ಡಿಪ್ರೆಶನ್ ಇದ್ದವರಿಗೆ ಕೊಡಿ. ಇಲ್ಲದವರನ್ನು ಪ್ರತಿ ವಾರ ನೋಡುತ್ತಿರಿ.

ಅಡಿಕೆ ತಟ್ಟೆಯನ್ನು ಬಿಡಲಿಲ್ಲ. ದಿನಾ ಸಂಜೆ ಹತ್ತೇ ಅಡಿಕೆ, ಎಡಗೈಯಲ್ಲೇ. ಮಾತ್ರೆ ಶುರುವಾದ ಆರನೇ ವಾರ ಸಿಸ್ಟರ್ ತುಂಬಿದ ಪಟ್ಟಿಯ ಅಂಕ 5ಕ್ಕೆ ಇಳಿದಿತ್ತು. ಅಂದು ಹೆಂಡತಿ ಆರಿಸಿಟ್ಟ ರಾಶಿಯಿಂದ ಅವರು ಒಂದು ಕೋಕ ಎತ್ತಿ, ಹೆಂಡತಿಯ ಮುಖಕ್ಕೇ ಹಿಡಿದು ತೋರಿಸಿದರು.