ಪ್ರೊಟೆಕ್ಷನ್‌ಗೆ ಹೋಗುವ ರಿಸೀವರ್

"ವಾಲ್ಯೂಮ್ ಸ್ವಲ್ಪ ಏರಿಸಿದ ಕೂಡಲೇ ರಿಸೀವರ್ ಟಕ್ ಅಂತ ಆಫ್ ಆಗುತ್ತೆ, PROTECT ಅಂತ ಬರುತ್ತೆ. ಏನು ಮಾಡಲಿ?"

ಬಹುಶಃ ಸ್ಪೀಕರ್ ವೈರ್ ಎಲ್ಲೋ ಶಾರ್ಟ್ ಆಗ್ತಿದೆ. ಪ್ಲಗ್ ಕಿತ್ತು, ರಿಸೀವರ್ ಹಿಂಬದಿಯಲ್ಲಿರುವ ಸ್ಪೀಕರ್ ವೈರ್‌ಗಳನ್ನೆಲ್ಲ ಬಿಚ್ಚಿ, ಬರೀ ರಿಸೀವರ್ ಆನ್ ಮಾಡಿ. ಆಗಲೂ ಆಫ್ ಆದರೆ ದೋಷ ಒಳಗೇ ಇದೆ, ಸುಮ್ನೆ ಪದೇ ಪದೇ ಆನ್ ಮಾಡಬೇಡಿ, ರಿಪೇರಿಗೆ ಕೊಡಿ. ಆಫ್ ಆಗದಿದ್ದರೆ ಪ್ರತಿ ಸಲ ಪ್ಲಗ್ ತೆಗೆದು ಒಂದೊಂದೇ ಸ್ಪೀಕರ್ ಸೇರಿಸಿ, ಅದೇ ವಾಲ್ಯೂಮ್‌ಗೆ ಏರಿಸಿ ನೋಡಿ. ಯಾವುದು ಸೇರಿದಾಗ ಆಫ್ ಆಗುತ್ತೋ ಅದೇ ಕಳ್ಳ. ನನ್ನದರಲ್ಲಿ ಕೂದಲಿನಷ್ಟು ತೆಳು ತಾಮ್ರದ ಎಳೆಯೊಂದು ಕೆಂಪು ಟರ್ಮಿನಲ್‌ನಿಂದ ಕಪ್ಪಿಗೆ ತಾಗಿತ್ತು, ಟಾರ್ಚ್ ಹಿಡಿದಾಗಲೇ ಕಂಡಿದ್ದು. ವೈರಿನ ತುದಿ ಕತ್ತರಿಸಿ, 1 ಸೆಂ.ಮೀ. ಮಾತ್ರ ಸುಲಿದು, ಬಿಗಿಯಾಗಿ ಹೊಸೆದು ಹಾಕಿ. ಸ್ಪೀಕರ್ ಕಡೆಯ ತುದಿಯನ್ನೂ ನೋಡಿ.

ಅರ್ಧ ಗಂಟೆ ಓಡಿದ ಮೇಲಷ್ಟೇ ಆಫ್ ಆದರೆ ಬಿಸಿಯೇ ಕಾರಣ ಇರಬಹುದು. ಮೇಲಿಟ್ಟ ಸೆಟ್‌ಟಾಪ್ ಬಾಕ್ಸ್ ತೆಗೆದು, ಮೇಲೆ ಒಂದು ಗೇಣು ಜಾಗ ಬಿಡಿ.