ಪಾಠವೊಂದು, ಪರೀಕ್ಷೆ ಇನ್ನೊಂದು

ಪ್ರಶ್ನೆ: ಏಳನೇ ತರಗತಿಯ ಮಣ್ಣಿನ ಪಾಠಕ್ಕೆ ಉದ್ದೇಶ, ಚಟುವಟಿಕೆ, ಮೌಲ್ಯಮಾಪನ ಮೂರನ್ನೂ ಬರೆದಿದ್ದೆ. ಮಕ್ಕಳು ಒಳ್ಳೆಯ ಅಂಕ ಪಡೆದರು. ಆದರೂ ಮೂರೂ ಹೊಂದಿಕೆಯಾಗಿಲ್ಲ ಎನ್ನುತ್ತಾರೆ. ತಪ್ಪು ಎಲ್ಲಿದೆ?
– ಶಿಕ್ಷಕಿ, ಬೀದರ್ ಜಿಲ್ಲೆ

ಉತ್ತರ: ತಿಂಗಳಿಗೆ ನಾಲ್ಕು ಬಾರಿಯಾದರೂ ಈ ಪ್ರಶ್ನೆ ನನಗೆ ಬರುತ್ತದೆ. ನೀವು ಕಳುಹಿಸಿದ ಪಾಠಯೋಜನೆಯ ಉದ್ದೇಶ, ‘ಎರಡು ಮಣ್ಣುಗಳಲ್ಲಿ ನೀರು ಇಂಗುವ ದರವನ್ನು ಹೋಲಿಸಿ, ಭತ್ತಕ್ಕೆ ಸೂಕ್ತವಾದುದನ್ನು ಕಾರಣ ಸಹಿತ ಆರಿಸುವುದು’. ಆದರೆ ಪ್ರಯೋಗವನ್ನು ನೀವೇ ಮಾಡಿ ತೋರಿಸಿದ್ದೀರಿ. ಪರೀಕ್ಷೆಯಲ್ಲಿ ಕೇಳಿದ್ದು ಮಣ್ಣಿನ ವಿಧಗಳ ಹೆಸರನ್ನು. ಹೋಲಿಸುವ, ಆರಿಸುವ ಕೆಲಸವನ್ನು ಒಂದು ಮಗುವೂ ಮಾಡಿಲ್ಲ. ಪಾಠದ ದಿನ ಶಾಲೆಗೇ ಬಾರದೆ ಗೆಳತಿಯ ನೋಟ್ಸು ಓದಿದ ಹುಡುಗಿಯೂ ಪೂರ್ಣ ಅಂಕ ಪಡೆಯಬಲ್ಲಳು.

ಮೊದಲು ಪರೀಕ್ಷೆಯ ಪ್ರಶ್ನೆಯನ್ನು ಬರೆಯಿರಿ. ‘ಮೊದಲ ಹೊಲದಲ್ಲಿ 150 ಮಿ.ಲೀ. ನೀರು 30 ನಿಮಿಷದಲ್ಲಿ, ಎರಡನೆಯ ಹೊಲದಲ್ಲಿ 400 ಮಿ.ಲೀ. ನೀರು 40 ನಿಮಿಷದಲ್ಲಿ ಇಂಗಿತು. ಭತ್ತಕ್ಕೆ ಯಾವ ಹೊಲ ಸೂಕ್ತ, ಏಕೆ?’ ದರ ಕ್ರಮವಾಗಿ ನಿಮಿಷಕ್ಕೆ 5 ಮತ್ತು 10 ಮಿ.ಲೀ.; ನೀರು ನಿಲ್ಲಬೇಕಾದ ಭತ್ತಕ್ಕೆ ಮೊದಲನೆಯದು ಸೂಕ್ತ. ನೀರಿನ ಪ್ರಮಾಣವನ್ನು ಬೇಕೆಂದೇ ಬೇರೆಬೇರೆ ಇಟ್ಟಿದ್ದೇನೆ. ಕೇವಲ ನಿಮಿಷಗಳನ್ನು ನೋಡಿ ಎರಡನೆಯದನ್ನು ಆರಿಸಿದ ಮಗುವಿಗೆ ದರದ ಅರ್ಥ ತಿಳಿದಿಲ್ಲವೆಂಬುದು ಆ ಉತ್ತರದಿಂದಲೇ ಗೊತ್ತಾಗುತ್ತದೆ. ನಾಲ್ಕು ಅಂಕಗಳಲ್ಲಿ ಲೆಕ್ಕಕ್ಕೆ ಒಂದು, ಆಯ್ಕೆಗೆ ಒಂದು, ಕಾರಣಕ್ಕೆ ಎರಡು ಇರಲಿ; ಲೆಕ್ಕಕ್ಕೇ ಮೂರು ಕೊಟ್ಟರೆ ನೀವು ಅಳೆಯುವುದು ಭಾಗಾಕಾರವನ್ನು.

ಚಟುವಟಿಕೆಯಲ್ಲಿ ಮಕ್ಕಳು ಇದೇ ಕೆಲಸವನ್ನು ಬೇರೆ ಅಂಕಿಗಳೊಂದಿಗೆ ಮಾಡಬೇಕು. ಪ್ರತಿ ಗುಂಪೂ ಕೆಮ್ಮಣ್ಣಿನಲ್ಲೊಮ್ಮೆ, ಎರೆಮಣ್ಣಿನಲ್ಲೊಮ್ಮೆ ಪೈಪಿನ ತುಂಡನ್ನು ಎರಡು ಸೆಂ.ಮೀ. ಆಳಕ್ಕೆ ಊರಿ, ಅಳೆದ ನೀರನ್ನು ಸುರಿದು, ಸಮಯ ಬರೆದುಕೊಂಡು, ಯಾವುದು ಭತ್ತಕ್ಕೆ ಎಂದು ವಾದಿಸಲಿ. ಬೇಸಿಗೆಯಲ್ಲಿ ಬಿರಿದ ಎರೆಭೂಮಿಯಲ್ಲಿ ಮಾತ್ರ ಇದನ್ನು ಮಾಡಿಸಬೇಡಿ; ನೀರು ಬಿರುಕಿನೊಳಗೆ ಸರ್ರನೆ ಇಳಿದು ಫಲಿತಾಂಶ ತಲೆಕೆಳಗಾಗುತ್ತದೆ. ಮಕ್ಕಳ ಅಳತೆಯ ಅಂಕಿಗಳನ್ನೇ ಪರೀಕ್ಷೆಯಲ್ಲಿ ಕೊಟ್ಟರೆ ಅದು ಮತ್ತೆ ನೆನಪಿನ ಪರೀಕ್ಷೆಯಾಗುತ್ತದೆ.

ಪ್ರಶ್ನೆ: ಉದ್ದೇಶದಲ್ಲಿ ‘ತಿಳಿಯುವುದು’ ತೆಗೆದು ‘ವಿಶ್ಲೇಷಿಸುವುದು’ ಎಂದು ಬರೆದರೆ ಸಾಕೇ? ಮಾರುಕಟ್ಟೆಯಲ್ಲಿ ಕ್ರಿಯಾಪದಗಳ ಪಟ್ಟಿಯೇ ಸಿಗುತ್ತದೆ.
– ಬಿ.ಇಡಿ. ವಿದ್ಯಾರ್ಥಿ, ಕಲಬುರಗಿ

ಉತ್ತರ: ಸಾಲದು. ‘ವಿಶ್ಲೇಷಿಸಿ’ ಎಂದು ಕೇಳಿ, ಹಿಂದಿನ ದಿನ ಬರೆಯಿಸಿದ ಉತ್ತರಕ್ಕೇ ಅಂಕ ಕೊಟ್ಟರೆ ಅದೂ ಕಂಠಪಾಠವೇ. ಸಿದ್ಧ ಪಾಠಯೋಜನೆ ಮಾರುವವರು ಇದನ್ನು ನಿಮಗೆ ಹೇಳುವುದಿಲ್ಲ.

ಪ್ರಶ್ನೆ: ಮಕ್ಕಳು ಹಾಡಿ ಕುಣಿದು ಖುಷಿಪಟ್ಟರೆ ಕಲಿತಂತೆಯೇ ಅಲ್ಲವೇ?
– ಶಿಕ್ಷಕ, ಯಾದಗಿರಿ

ಉತ್ತರ: ಅಲ್ಲ.