ಮೂವರಲ್ಲೂ ಒಂದೇ ಜಾಗದಲ್ಲಿ ತುಂಡಾಗುವ ಮಾತು

“ಮತ್ತಾಯ, ಮಾರ್ಕ, ಲೂಕ ಮೂವರೂ ಒಂದೇ ಘಟನೆಗಳನ್ನು ಕಣ್ಣಾರೆ ಕಂಡು ಬರೆದವರು. ಹಾಗಾಗಿ ಅವರ ಸುವಾರ್ತೆಗಳು ಒಂದನ್ನೊಂದು ಹೋಲುವುದು ಸಹಜ. ಮೂವರೂ ‘ಕ್ಯೂ’ ಎಂಬ ಪುಸ್ತಕ ನೋಡಿ ಬರೆದರೆಂದು ವಿದ್ವಾಂಸರು ಸಾಬೀತು ಮಾಡಿದ್ದಾರೆ. ಸರ್, ತಪ್ಪಿದ್ದರೆ ಮುಲಾಜಿಲ್ಲದೆ ತಿಳಿಸಿ.”

ನೀವು ಕಳಿಸಿದ ಲೇಖನ ಶುರುವಾಗುವುದು ಹೀಗೆ. ನಿಮ್ಮ ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈ ಮೂರು ವಾಕ್ಯ ದಾಟಿ ಮುಂದೆ ಹೋಗಲು ನನಗೆ ಆಗಲಿಲ್ಲ. ಆದ್ದರಿಂದ ಉಳಿದ ಪುಟಗಳ ಮಾತು ಈಗ ಬೇಡ.

“ಕಣ್ಣಾರೆ ಕಂಡು” ಅಂದಿದ್ದೀರಿ. ಲೂಕನ ಮೊದಲ ನಾಲ್ಕು ವಚನ ತೆಗೆದು ನೋಡಿ. ಕಣ್ಣಾರೆ ಕಂಡವರು ತಿಳಿಸಿದ್ದನ್ನು ತನಗಿಂತ ಮುಂಚೆ ಅನೇಕರು ಬರೆಯಲು ಕೈಹಾಕಿದ್ದಾರೆ, ತಾನೂ ಎಲ್ಲವನ್ನೂ ವಿಚಾರಿಸಿ ಬರೆಯುತ್ತಿದ್ದೇನೆ ಅನ್ನುತ್ತಾನೆ. ತಾನು ಕಂಡೆ ಎಂದು ಎಲ್ಲೂ ಹೇಳುವುದಿಲ್ಲ.

“ಹೋಲುವುದು ಸಹಜ” ಎಂಬ ಮಾತು ನನಗೆ ಇನ್ನೂ ಜಾಸ್ತಿ ಚುಚ್ಚಿತು. ನಾನು ಪತ್ರಿಕೆಯೊಂದಕ್ಕೆ ಹೊಸದಾಗಿ ಸೇರಿದಾಗ, ಹಿರಿಯರೊಬ್ಬರು ಒಂದೇ ಸಭೆಯ ಎರಡು ವರದಿಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಇಬ್ಬರೂ ಅಲ್ಲಿದ್ದರಲ್ಲ, ಒಂದೇ ಥರ ಇರುತ್ತೆ ಅಂದೆ. ಅವರು ಕೆಂಪು ಪೆನ್ಸಿಲ್ಲಿನಿಂದ ಎರಡರಲ್ಲೂ ಒಂದು ಗೆರೆ ಎಳೆದರು. ಭಾಷಣದ ಸಾಲು ನಡುವೆ ನಿಂತು, “ಎಂದು ವೇದಿಕೆಯತ್ತ ತಿರುಗಿ” ಎಂದು ಸೇರಿಕೊಂಡಿತ್ತು. ಎರಡರಲ್ಲೂ ಅದೇ ಪದದ ನಂತರ. “ಭಾಷಣ ಇಬ್ಬರೂ ಕೇಳಿರಬಹುದು. ಈ ತುಂಡು ಭಾಷಣದಲ್ಲಿ ಇರಲಿಲ್ಲ, ಅಲ್ವಾ?” ಎಂದು ಕೇಳಿದರು.

ಈಗ ಪಾರ್ಶ್ವವಾಯು ರೋಗಿಯ ಕತೆಗೆ ಬನ್ನಿ. ಮಾರ್ಕ 2:10, ಮತ್ತಾಯ 9:6, ಲೂಕ 5:24. ಪಾಪ ಕ್ಷಮಿಸುವ ಅಧಿಕಾರ ಮನುಷ್ಯಕುಮಾರನಿಗೆ ಉಂಟೆಂದು ನಿಮಗೆ ತಿಳಿಯಬೇಕು ಎಂದು ಯೇಸು ಅಲ್ಲಿದ್ದವರಿಗೆ ಹೇಳುತ್ತಿದ್ದಾರೆ. ಮಾತು ಮುಗಿದಿಲ್ಲ. ಅಷ್ಟರಲ್ಲಿ ಬರೆಯುವವನು ನಡುವೆ ಬಂದು “ರೋಗಿಗೆ ಹೇಳಿದನು” ಎಂದು ಸೇರಿಸುತ್ತಾನೆ. ಆಮೇಲೆ “ಎದ್ದೇಳು” ಬರುತ್ತದೆ. ಮೂವರಲ್ಲೂ ಮಾತು ತುಂಡಾಗುವುದು ಅದೇ ಜಾಗದಲ್ಲಿ. ಯೇಸು ಆಡಿದ್ದು ಅರಾಮಿಕ್ ಭಾಷೆ, ಇವರು ಬರೆದದ್ದು ಗ್ರೀಕ್. ಮೂವರು ಬೇರೆ ಬೇರೆಯಾಗಿ ಅನುವಾದಿಸಿ, ಬೇರೆ ಬೇರೆಯಾಗಿ ಒಂದೇ ಕಡೆ ಬಾಯಿ ಹಾಕುವುದು ನಂಬುವ ಮಾತಲ್ಲ. ಯಾರೋ ಯಾರದೋ ಬರಹ ನೋಡಿಕೊಂಡಿದ್ದಾರೆ.

ಯಾರು ಯಾರದನ್ನು? ಅದಕ್ಕೆ ಹೆರೋದನು ಸ್ನಾನಿಕ ಯೋಹಾನನನ್ನು ಕೊಲ್ಲಿಸಿದ ಕತೆ ನೋಡಿ. ಹೆರೋದ್ ಅಂತಿಪನು ನಿಜದಲ್ಲಿ ಅರಸನಲ್ಲ, ಉಪರಾಜ. ಮಾರ್ಕ ಅವನನ್ನು ಅರಸ ಅನ್ನುತ್ತಾನೆ. ಮತ್ತಾಯ 14:1ರಲ್ಲಿ ಅದು “ಉಪರಾಜ” ಎಂದು ಸರಿಯಾಗಿದೆ. ಆದರೆ 14:9ರಲ್ಲಿ “ಅರಸನು ದುಃಖಪಟ್ಟನು” ಎಂದು ಬಂದುಬಿಟ್ಟಿದೆ. ದುಃಖ ಯಾಕೆ? ಮಾರ್ಕನ ಕತೆಯಲ್ಲಿ ಯೋಹಾನನನ್ನು ಕೊಲ್ಲಬೇಕೆಂದಿದ್ದವಳು ಹೆರೋದನ ಹೆಂಡತಿ ಹೆರೋದ್ಯಳು, ಕಾಪಾಡುತ್ತಿದ್ದವನು ಹೆರೋದ. ಅಲ್ಲಿ ದುಃಖಕ್ಕೆ ಅರ್ಥವಿದೆ. ಮತ್ತಾಯ ಕತೆಯನ್ನು ಚಿಕ್ಕದು ಮಾಡುವಾಗ ಹೆರೋದನೇ ಕೊಲ್ಲಬೇಕೆಂದಿದ್ದ ಎಂದು ಬರೆದ. ಹಳೆಯ ದುಃಖ ಮಾತ್ರ ಹಾಗೇ ಉಳಿಯಿತು. ಮಾರ್ಕ್ ಗುಡ್‌ಏಕರ್ ಎಂಬ ವಿದ್ವಾಂಸರು ಇದನ್ನು ತಿದ್ದುವವನ ಆಯಾಸ ಅನ್ನುತ್ತಾರೆ. ಬೇರೆಯವರ ವರದಿ ತಿದ್ದುವಾಗ ಮೊದಲ ಪ್ಯಾರಾದಲ್ಲಿ ಹುದ್ದೆ ಸರಿಮಾಡಿ ಐದನೆಯದರಲ್ಲಿ ಮರೆಯುವುದನ್ನು ನಾನು ದಿನವೂ ನೋಡಿದ್ದೇನೆ. ಮಾರ್ಕನೇ ಮೊದಲು ಎಂದು ಹೆಚ್ಚಿನ ವಿದ್ವಾಂಸರು ಒಪ್ಪಲು ಇಂಥ ಜಾಗಗಳೂ ಕಾರಣ.

ಇನ್ನು ಮೂರನೆಯ ವಾಕ್ಯ. “ಮೂವರೂ” ಎಂಬುದನ್ನು ಹೊಡೆದುಹಾಕಿ. ಮಾರ್ಕನಲ್ಲಿ ಇಲ್ಲದ, ಮತ್ತಾಯ ಮತ್ತು ಲೂಕ ಇಬ್ಬರಲ್ಲೂ ಇರುವ ಸುಮಾರು 200ಕ್ಕೂ ಹೆಚ್ಚು ವಚನಗಳಿವೆ. ಅವು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಒಂದು ಉತ್ತರ ಕ್ಯೂ. ಜರ್ಮನ್ನಿನಲ್ಲಿ ಮೂಲ ಎಂಬ ಅರ್ಥದ ಪದದ ಮೊದಲ ಅಕ್ಷರ ಅದು. “ಸಾಬೀತು” ಎಂಬುದನ್ನೂ ಹೊಡೆದುಹಾಕಿ. ಕ್ಯೂವಿನ ಒಂದು ಹಾಳೆಯೂ ಸಿಕ್ಕಿಲ್ಲ. ಲೂಕ ಮತ್ತಾಯನನ್ನು ಓದಿರಲಿಲ್ಲ ಎಂದು ಇಟ್ಟುಕೊಂಡರೆ ಮಾತ್ರ ಕ್ಯೂ ಬೇಕಾಗುತ್ತದೆ. ಓದಿದ್ದ, ಕ್ಯೂ ಬೇಕಿಲ್ಲ ಎಂದು ಆಸ್ಟಿನ್ ಫ್ಯಾರರ್ ಎಂಬ ವಿದ್ವಾಂಸರು 1955ರಲ್ಲೇ ವಾದಿಸಿದರು. ಹಾಗಾದರೆ ಮತ್ತಾಯನ ಚಂದದ ಪರ್ವತ ಪ್ರಸಂಗವನ್ನು ಲೂಕ ಯಾಕೆ ಒಡೆದು ಅಲ್ಲಲ್ಲಿ ಚದುರಿಸಿದ ಎಂದು ಕ್ಯೂ ಪಕ್ಷದವರು ಕೇಳುತ್ತಾರೆ. ಅದು ಗಟ್ಟಿ ಪ್ರಶ್ನೆಯೇ.

ಆದರೆ ನನ್ನನ್ನು ಬಿಡದೆ ಕಾಡುವುದು ಇನ್ನೊಂದು ಜಾಗ. ಯೇಸುವಿನ ವಿಚಾರಣೆಯಲ್ಲಿ ಮುಖ ಮುಚ್ಚಿ ಹೊಡೆದು, ಪ್ರವಾದನೆ ಹೇಳು ಎಂದು ಹೀಯಾಳಿಸುತ್ತಾರೆ. ಮಾರ್ಕ 14:65 ಅಷ್ಟಕ್ಕೇ ನಿಲ್ಲುತ್ತದೆ. ಮತ್ತಾಯ 26:68 ಮತ್ತು ಲೂಕ 22:64ರಲ್ಲಿ “ನಿನ್ನನ್ನು ಹೊಡೆದವರು ಯಾರು?” ಎಂದೂ ಇದೆ. ಗ್ರೀಕಿನಲ್ಲಿ ಐದು ಪದ, ಎರಡರಲ್ಲೂ ಅದೇ ಐದು, ಅದೇ ಕ್ರಮದಲ್ಲಿ. ಕ್ಯೂವಿನಲ್ಲಿ ಈ ವಿಚಾರಣೆಯ ಕತೆಯೇ ಇರಲಿಲ್ಲ ಎಂದು ಅದನ್ನು ಒಪ್ಪುವವರೇ ಸಾಮಾನ್ಯವಾಗಿ ಹೇಳುತ್ತಾರೆ. ಹಾಗಾದರೆ ಇಬ್ಬರಲ್ಲೂ ಅದೇ ಐದು ಪದ ಎಲ್ಲಿಂದ ಬಂತು? ನಂತರ ಪ್ರತಿ ಮಾಡಿದ ಯಾರೋ ಮತ್ತಾಯನಲ್ಲಿ ಸೇರಿಸಿರಬೇಕು ಎಂಬುದು ಅವರಲ್ಲಿ ಕೆಲವರ ಉತ್ತರ.

ಮೂರೂ ಸುವಾರ್ತೆಗಳ ಈ ಭಾಗವನ್ನು ಒಂದೇ ಹಾಳೆಯಲ್ಲಿ ಮೂರು ಕಾಲಂ ಮಾಡಿ ಬರೆದುಕೊಳ್ಳಿ. ಒಂದೇ ಥರದ ಪದಗಳಿಗೆ ಬಣ್ಣ ಹಚ್ಚಿ. ಲೇಖನದ ಜೊತೆ ಆ ಹಾಳೆಯನ್ನೂ ಕಳಿಸಿ.